‘ಆಗುವುದಿಲ್ಲ’ ಮತ್ತು ‘ಆಗುತ್ತಿಲ್ಲ’: ಆಹ್ವಾನ ನಿರಾಕರಣೆಯ ವರ್ಗೀಕರಣವನ್ನು ಕುರಿತ ಒಂದು ವಿಮರ್ಶೆ

1. ಪ್ರಶ್ನೆಯ ಸ್ವರೂಪ

ಯಾರಾದರೂ ನಮ್ಮನ್ನು ಒಂದು ಸಮಾರಂಭಕ್ಕೆ ಕರೆದಾಗ, ಹೋಗಲಾಗದಿದ್ದರೆ ನಾವು ಎರಡು ಕೆಲಸಗಳನ್ನು ಒಟ್ಟಿಗೆ ಮಾಡಬೇಕಾಗುತ್ತದೆ. ಈ ಸಲದ ಕರೆಗೆ ‘ಇಲ್ಲ’ ಎಂಬ ಅರ್ಥ ಮುಟ್ಟಬೇಕು. ಮುಂದೆ ಕರೆಯುವ ಮನಸ್ಸು ಅವರಲ್ಲಿ ಉಳಿಯಲೂ ಬೇಕು. ಈ ಎರಡನೆಯ ಕೆಲಸ ಕನ್ನಡದಲ್ಲಿ ಹೇಗೆ ನಡೆಯುತ್ತದೆ ಎಂಬುದೇ ಪ್ರಸ್ತುತ ಲೇಖನದ ಪ್ರಶ್ನೆ. ಅದಕ್ಕೆ ಉತ್ತರಿಸಲು ಸದ್ಯ ಬಳಕೆಯಲ್ಲಿರುವ ವರ್ಗೀಕರಣ ಸಾಲದು ಎಂಬುದು ನಮ್ಮ ವಾದ.

ನಿರಾಕರಣೆಯ ಅಧ್ಯಯನಕ್ಕೆ ತೊಡಗುವ ಸಂಶೋಧನಾರ್ಥಿ ಸಾಮಾನ್ಯವಾಗಿ ಮೊದಲು ಕೈಗೆತ್ತಿಕೊಳ್ಳುವುದು ಲೆಸ್ಲಿ ಬೀಬ್, ತೊಮೊಕೊ ತಕಹಾಶಿ ಮತ್ತು ರಾಬಿನ್ ಯುಲಿಸ್-ವೆಲ್ಟ್ಜ್ ಅವರು 1990ರಲ್ಲಿ ಪ್ರಕಟಿಸಿದ ಲೇಖನವನ್ನು. ಅಲ್ಲಿನ ಪ್ರಶ್ನಾವಳಿ ಮತ್ತು ವರ್ಗಗಳ ಪಟ್ಟಿ ಎರಡೂ ಆ ಬಳಿಕ ಅನೇಕ ಭಾಷೆಗಳ ಅಧ್ಯಯನಗಳಿಗೆ ಅಚ್ಚಾಗಿವೆ. ನಾವೂ ಅದನ್ನು ಕನ್ನಡಕ್ಕೆ ತಂದು ತರಗತಿಯಲ್ಲಿ ಬಳಸಿದವರೇ. ವಿದ್ಯಾರ್ಥಿಗಳು ಬರೆದುಕೊಟ್ಟ ಉತ್ತರಗಳಿಗೆ ವರ್ಗಸೂಚಿ ಹಚ್ಚಲು ಕುಳಿತಾಗ ಒಂದು ತೊಡಕು ಎದುರಾಯಿತು. ಕೇಳಿದ ಕೂಡಲೇ ಒಂದು ಮುರಿದ ಮಾತು, ಇನ್ನೊಂದು ಬೆಸೆದ ಮಾತು ಎಂದು ನಮಗೆಲ್ಲರಿಗೂ ಅನ್ನಿಸುವ ಎರಡು ಉತ್ತರಗಳು ಒಂದೇ ವರ್ಗಕ್ಕೆ ಸೇರುತ್ತಿದ್ದವು. ಈ ವಿಮರ್ಶೆ ಹುಟ್ಟಿದ್ದು ಆ ತೊಡಕಿನಿಂದ.

2. ವರ್ಗೀಕರಣ ಏನು ಮಾಡುತ್ತದೆ

ಆ ಅಧ್ಯಯನದಲ್ಲಿ 60 ಮಂದಿ ಭಾಗವಹಿಸಿದ್ದರು: ಜಪಾನಿಯಲ್ಲಿ ಉತ್ತರಿಸಿದ 20 ಜಪಾನೀಯರು, ಇಂಗ್ಲಿಷಿನಲ್ಲಿ ಉತ್ತರಿಸಿದ 20 ಜಪಾನೀಯರು, ಮತ್ತು 20 ಅಮೆರಿಕನ್ನರು. ಅವರ ಮುಂದಿದ್ದ ಸನ್ನಿವೇಶಗಳು 12. ಕೋರಿಕೆ, ಆಹ್ವಾನ, ನೀಡಿಕೆ ಮತ್ತು ಸಲಹೆ ಈ ನಾಲ್ಕಕ್ಕೂ ಮೂರು ಮೂರರಂತೆ ಅವನ್ನು ಹಂಚಲಾಗಿತ್ತು. ಉತ್ತರಗಳನ್ನು ಅರ್ಥಸೂತ್ರಗಳಾಗಿ ಒಡೆದು, ನೇರ ಮತ್ತು ಪರೋಕ್ಷ ಎಂಬ ಎರಡು ದೊಡ್ಡ ಗುಂಪುಗಳಲ್ಲಿ ಇರಿಸಲಾಯಿತು. ಹೊಗಳಿಕೆ, ಕೃತಜ್ಞತೆಯಂಥವು ಪೂರಕಗಳೆನಿಸಿದವು.

ನಮ್ಮ ಪ್ರಶ್ನೆಗೆ ಸಂಬಂಧಿಸಿದ ವರ್ಗಗಳು ಎರಡು. ನೇರ ಗುಂಪಿನಲ್ಲಿರುವ ‘ಇಚ್ಛೆಯ ಅಥವಾ ಸಾಮರ್ಥ್ಯದ ನಿಷೇಧ’ ಮೊದಲನೆಯದು. ‘ಬರಲಾರೆ’ಯೂ ‘ಬರುವುದಿಲ್ಲ’ವೂ ಇಲ್ಲಿ ಒಂದೇ ಮನೆಯಲ್ಲಿವೆ. ಎರಡನೆಯದು ಪರೋಕ್ಷ ಗುಂಪಿನಲ್ಲಿರುವ ‘ಮುಂದಿನ ಒಪ್ಪಿಗೆಯ ವಾಗ್ದಾನ’. ಬಾಗಿಲು ತೆರೆದಿಡುವ ಕೆಲಸವನ್ನು ಈ ವರ್ಗೀಕರಣ ಬಹುಮಟ್ಟಿಗೆ ಈ ಎರಡನೆಯ ವರ್ಗಕ್ಕೆ ವಹಿಸಿಬಿಡುತ್ತದೆ. ‘ಮುಂದಿನ ಸಲ ಬರ್ತೀನಿ’ ಎಂಬಂಥ ವಾಕ್ಯವಿದ್ದರೆ ಬಾಗಿಲು ತೆರೆದಿದೆ, ಇಲ್ಲದಿದ್ದರೆ ಇಲ್ಲ ಎಂದಷ್ಟೇ ಅದು ದಾಖಲಿಸಬಲ್ಲದು.

ಲೇಖಕರಿಗೆ ನ್ಯಾಯ ಸಲ್ಲಬೇಕಾದ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಅವರ ಉದ್ದೇಶ ಮೊದಲ ಭಾಷೆಯ ರೂಢಿ ಎರಡನೆಯ ಭಾಷೆಗೆ ಹೇಗೆ ಸಾಗುತ್ತದೆ ಎಂಬುದನ್ನು ನೋಡುವುದಾಗಿತ್ತು. ಅದಕ್ಕಾಗಿ ಅವರು ಸೂತ್ರಗಳ ಕ್ರಮ ಮತ್ತು ಆವೃತ್ತಿಯನ್ನು ಎಣಿಸಿದರು. ಅಷ್ಟಕ್ಕೇ ನಿಲ್ಲದೆ, ಅಮೆರಿಕನ್ನರ ಕಾರಣಗಳಿಗಿಂತ ಜಪಾನೀಯರ ಕಾರಣಗಳು ಕಡಿಮೆ ನಿರ್ದಿಷ್ಟವಾಗಿದ್ದವು ಎಂಬುದನ್ನೂ ಗುರುತಿಸಿದರು. ಅಂದರೆ ‘ಕಾರಣ’ ಎಂಬ ಒಂದೇ ವರ್ಗದೊಳಗೆ ಬಹಳ ಬೇರೆಬೇರೆಯ ಮಾತುಗಳು ಅಡಗಿವೆ ಎಂಬ ಅರಿವು ಮೂಲದಲ್ಲಿಯೇ ಇತ್ತು. ಅನುಕರಿಸುವಾಗ ಪಟ್ಟಿ ಉಳಿಯಿತು, ಆ ಅರಿವು ಹಿಂದೆ ಸರಿಯಿತು.

3. ಕನ್ನಡದ ನಿಷೇಧರೂಪಗಳು ಏನು ಹೇಳುತ್ತವೆ

ಈಗ ಆ ಒಂದೇ ಮನೆಯಲ್ಲಿ ಕನ್ನಡ ಯಾವ ಯಾವ ರೂಪಗಳನ್ನು ಬೇರ್ಪಡಿಸುತ್ತದೆ ನೋಡೋಣ. ಇಲ್ಲಿಯ ಉದಾಹರಣೆಗಳು ನಮ್ಮ ಭಾಷಾಜ್ಞಾನದಿಂದ ರಚಿಸಿದವು; ಮೈಸೂರು–ಬೆಂಗಳೂರು ಭಾಗದ ಆಡುನುಡಿಗೆ ಸೇರಿದವು.

‘ನಾನು ಬರಲ್ಲ’ ಎಂಬುದು ಕರ್ತೃವಿನ ತೀರ್ಮಾನ. ‘ನನಗೆ ಬರೋಕಾಗಲ್ಲ’ ಎಂಬಲ್ಲಿ ಕರ್ತೃ ಚತುರ್ಥಿಗೆ ಸರಿದು, ‘ಆಗು’ ಎಂಬ ಕ್ರಿಯೆ ತಾನಾಗಿ ಒದಗಬೇಕಾದ ಸಂದರ್ಭವನ್ನು ಸೂಚಿಸುತ್ತದೆ. ‘ನನ್ನ ಕೈಲಿ ಆಗಲ್ಲ’ ಎಂದರೆ ಕೊರತೆ ಸಂದರ್ಭದ್ದಲ್ಲ, ವ್ಯಕ್ತಿಯದು. ಗೆಳೆಯರು ಬೆಟ್ಟ ಹತ್ತಲು ಕರೆದಾಗ ಹೀಗೆಂದವರನ್ನು ಮತ್ತೆ ಅದೇ ಕೆಲಸಕ್ಕೆ ಯಾರೂ ಕರೆಯುವುದಿಲ್ಲ. ಸಾಮರ್ಥ್ಯದ ಕೊರತೆ ಮುಂದಿನ ಭಾನುವಾರಕ್ಕೆ ನೀಗುವಂಥದಲ್ಲ. ‘ಬರೋ ಹಾಗಿಲ್ಲ’ ಎಂಬುದು ಇನ್ನೊಂದು ಬಗೆ. ಹೊರಗಿನ ಕಟ್ಟೊಂದು ತಡೆದಿದೆ ಎಂದು ಅದರ ಅರ್ಥ. ಮನೆಯಲ್ಲಿ ಸಾವಾಗಿ ಸೂತಕವಿರುವಾಗ ಶುಭಕಾರ್ಯದ ಕರೆಗೆ ಈ ಮಾತು ಬಂದರೆ ಕರೆದವರು ಒತ್ತಾಯಿಸುವುದಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳುವುದೂ ಇಲ್ಲ. ಆ ಕಟ್ಟಿಗೆ ಒಂದು ಅವಧಿ ಇದೆಯೆಂಬುದು ಇಬ್ಬರಿಗೂ ಗೊತ್ತು.

ಹೀಗೆ ನಾಲ್ಕು ರೂಪಗಳು ತಡೆಯನ್ನು ನಾಲ್ಕು ಕಡೆ ಇರಿಸುತ್ತವೆ: ಮನಸ್ಸಿನಲ್ಲಿ, ಸಂದರ್ಭದಲ್ಲಿ, ಶಕ್ತಿಯಲ್ಲಿ, ಕಟ್ಟಳೆಯಲ್ಲಿ. ನಿರಾಕರಣೆಗೆ ಕೊಡುವ ಕಾರಣಗಳು ಯಾರ ಮೇಲೂ ತಪ್ಪು ಹೊರಿಸದಂಥವಾಗಿರುತ್ತವೆಂದು ಜಾನ್ ಹೆರಿಟೇಜ್ 1984ರಲ್ಲಿ ತೋರಿಸಿದ್ದರು. ಕನ್ನಡದಲ್ಲಿ ಆ ಕೆಲಸದ ಒಂದು ಪಾಲನ್ನು ಕಾರಣದ ವಾಕ್ಯ ಬರುವುದಕ್ಕೆ ಮೊದಲೇ ವಿಭಕ್ತಿ ಮಾಡಿ ಮುಗಿಸಿರುತ್ತದೆ.

ಇದಕ್ಕಿಂತ ಮುಖ್ಯವೆಂದು ನಾವು ಭಾವಿಸುವ ಭೇದ ಕ್ರಿಯೆಯ ಸ್ಥಿತಿಗೆ ಸಂಬಂಧಿಸಿದ್ದು. ‘ಬರೋಕಾಗಲ್ಲ’ ಮತ್ತು ‘ಬರೋಕಾಗ್ತಿಲ್ಲ’ ಎರಡೂ ಸಾಮರ್ಥ್ಯದ ನಿಷೇಧಗಳೇ. ಆದರೆ ‘ಆಗುವುದಿಲ್ಲ’ ಎಂಬ ರೂಪ ಭವಿಷ್ಯವನ್ನೂ ರೂಢಿಯನ್ನೂ ಒಟ್ಟಿಗೆ ಒಳಗೊಳ್ಳುತ್ತದೆ. ‘ಅವರಿಗೆ ಖಾರ ತಿನ್ನೋಕಾಗಲ್ಲ’ ಎಂಬುದು ಒಂದು ದಿನದ ಮಾತಲ್ಲ. ‘ಆಗುತ್ತಿಲ್ಲ’ ನಡೆಯುತ್ತಿರುವ ಸ್ಥಿತಿಯನ್ನು ಹೇಳುತ್ತದೆ. ಈಗಿನ ಏರ್ಪಾಡು ಕೂಡಿಬರುತ್ತಿಲ್ಲ ಎಂಬಷ್ಟಕ್ಕೆ ಅದರ ವ್ಯಾಪ್ತಿ ನಿಲ್ಲುತ್ತದೆ. ಆದ್ದರಿಂದಲೇ ‘ಈ ಸಲ’ ಎಂಬ ಪದವಿಲ್ಲದೆಯೂ ಕೇಳುಗರಿಗೆ ಅದರಲ್ಲಿ ‘ಈ ಸಲ’ ಕೇಳಿಸುತ್ತದೆ.

ಚರಿತ್ರೆಯ ಕಡೆಯಿಂದ ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಹಳಗನ್ನಡದ ನಿಷೇಧಕ್ರಿಯೆಯಲ್ಲಿ ಧಾತುವಿಗೆ ನೇರವಾಗಿ ಪುರುಷಪ್ರತ್ಯಯ ಹತ್ತುತ್ತಿತ್ತು. ಆ ರೂಪಕ್ಕೆ ಪುರುಷವಿತ್ತು, ಕಾಲವಿರಲಿಲ್ಲ. ಇಂದಿನ ‘ಬರುವುದಿಲ್ಲ’, ‘ಬರುತ್ತಿಲ್ಲ’, ‘ಬರಲಿಲ್ಲ’ ರೂಪಗಳಲ್ಲಿ ಅದು ತಿರುವುಮುರುವಾಗಿದೆ. ಕಾಲ ಮತ್ತು ಸ್ಥಿತಿಗಳ ಭೇದ ಬಂದಿದೆ, ಪುರುಷಪ್ರತ್ಯಯ ಹೋಗಿದೆ. ನಾನು, ನೀವು, ಅವರು ಯಾರೇ ಆದರೂ ‘ಬರುತ್ತಿಲ್ಲ’ ಒಂದೇ. ಹಳೆಯ ಬಗೆ ‘ಬರಲಾರೆ’, ‘ಒಲ್ಲೆ’, ‘ಅರಿಯೆ’ ಮೊದಲಾದ ಕೆಲವು ರೂಪಗಳಲ್ಲಿ ಉಳಿದುಕೊಂಡಿದೆ. ‘ಬರಲಾರೆ’ ಎಂದಾಗ ಮಾತಿಗೆ ಬರುವ ಗಡಸುತನಕ್ಕೆ ಇದೇ ಮೂಲವಿರಬಹುದು ಎಂದು ನಮಗೆ ತೋರುತ್ತದೆ. ಅಲ್ಲಿ ‘ನಾನು’ ಇದ್ದೇನೆ, ಆದರೆ ‘ಈಗ’ ಎಂಬುದಿಲ್ಲ. ‘ಬರೋಕಾಗ್ತಿಲ್ಲ’ದಲ್ಲಿ ‘ಈಗ’ ಇದೆ, ‘ನಾನು’ ಇಲ್ಲ. ಇತ್ತ ‘ಬುಧವಾರ ಬರ್ತೀನಿ’ ಎಂಬ ವಾಗ್ದಾನದ ಕ್ರಿಯೆಯಲ್ಲಿ ಪುರುಷಪ್ರತ್ಯಯ ತಪ್ಪದೆ ಇರುತ್ತದೆ. ನಿರಾಕರಿಸುವಾಗ ಹಿಂದೆ ಸರಿದ ವ್ಯಕ್ತಿ ಮಾತು ಕೊಡುವಾಗ ಮುಂದೆ ಬರುತ್ತಾನೆ. ಸೌಜನ್ಯದ ನಿರಾಕರಣೆಗೆ ಬೇಕಾದ ಹಂಚಿಕೆಯೂ ಇದೇ.

4. ಒಂದು ಸಂಭಾಷಣೆಯ ವಿಶ್ಲೇಷಣೆ

ನಿವೃತ್ತ ಅಧ್ಯಾಪಕರೊಬ್ಬರು ನೆರೆಮನೆಯ ಮಹಿಳೆಯನ್ನು ಗೃಹಪ್ರವೇಶಕ್ಕೆ ಕರೆಯಲು ಬಂದಿದ್ದಾರೆ ಎಂದುಕೊಳ್ಳೋಣ.

(1) ಅಧ್ಯಾಪಕ: ಭಾನುವಾರ ಗೃಹಪ್ರವೇಶ ಇಟ್ಕೊಂಡಿದೀವಿ. ಮನೆಯವ್ರನ್ನೆಲ್ಲ ಕರ್ಕೊಂಡು ಬರ್ಲೇಬೇಕು ನೀವು.
(2) ಮಹಿಳೆ: ತುಂಬ ಸಂತೋಷ ಮೇಷ್ಟ್ರೇ. ಈ ಭಾನುವಾರಾನಾ?
(3) ಅಧ್ಯಾಪಕ: ಹೂಂ, ಎಂಟು ಗಂಟೆಗೆ ಹೋಮ. ಆಮೇಲೆ ಊಟ.
(4) ಮಹಿಳೆ: ಅಯ್ಯೋ, ಅವತ್ತು ನಮ್ಮಕ್ಕನ ಮೊಮ್ಮಗೂದು ನಾಮಕರಣ, ಶಿವಮೊಗ್ಗದಲ್ಲಿ. ಬರೋಕಾಗ್ತಿಲ್ವಲ್ಲ ಮೇಷ್ಟ್ರೇ.
(5) ಅಧ್ಯಾಪಕ: ಊಟದ ಹೊತ್ತಿಗಾದ್ರೂ ಬಂದುಬಿಡಿ.
(6) ಮಹಿಳೆ: ನಾವು ವಾಪಸ್ ಬರೋದೇ ಸೋಮವಾರ. ನಿಮ್ಮ ನೆಂಟರ ಓಡಾಟ ಎಲ್ಲ ಮುಗೀಲಿ, ಬುಧವಾರ ಸಾಯಂಕಾಲ ಮಕ್ಕಳನ್ನ ಕರ್ಕೊಂಡು ಬರ್ತೀನಿ.
(7) ಅಧ್ಯಾಪಕ: ಹಾಗಾದ್ರೆ ಬುಧವಾರ ಊಟಕ್ಕೇ ಬನ್ನಿ.

ವರ್ಗೀಕರಣದ ಪ್ರಕಾರ ಇಲ್ಲಿರುವುದು ಇಷ್ಟು: ಸಂತೋಷದ ಪೂರಕ, ಕಾರಣ, ಸಾಮರ್ಥ್ಯದ ನಿಷೇಧ, ಮುಂದಿನ ಒಪ್ಪಿಗೆಯ ವಾಗ್ದಾನ. ತಪ್ಪಿಲ್ಲ. ಆದರೆ (4)ರಲ್ಲಿ ‘ಸ್ವಲ್ಪ ಕೆಲಸ ಇದೆ, ಬರೋಕಾಗಲ್ಲ’ ಎಂದೂ (6)ರಲ್ಲಿ ‘ಇನ್ನೊಂದ್ಸಲ ಬರ್ತೀನಿ’ ಎಂದೂ ಬದಲಿಸಿ ನೋಡಿದರೆ ವರ್ಗಸೂಚಿಯಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ಮೇಷ್ಟ್ರು ಮಾತ್ರ ‘ಆಯ್ತು ಬಿಡಿ’ ಎಂದು ಎದ್ದು ಹೋಗುವ ಸಂಭವ ಹೆಚ್ಚು.

ಎರಡರ ನಡುವಿನ ಅಂತರ ಎಲ್ಲಿದೆ? ಮೊದಲನೆಯದಾಗಿ (2)ರ ಪ್ರಶ್ನೆ. ಅದು ದಿನವನ್ನು ತಿಳಿಯುವುದಕ್ಕಾಗಿ ಕೇಳಿದ್ದಲ್ಲ. ದಿನ ಆಗಲೇ ಹೇಳಿಯಾಗಿದೆ. ತೊಡಕಿರುವುದು ದಿನದಲ್ಲಿ, ಕರೆಯಲ್ಲಲ್ಲ ಎಂದು ಅದು ಮುಂಚಿತವಾಗಿಯೇ ತೋರಿಸುತ್ತದೆ. (4)ರ ಕಾರಣ ಅದೇ ದಿನಕ್ಕೆ ಅಂಟಿಕೊಳ್ಳುತ್ತದೆ. ಕೊನೆಗೆ ಬರುವ ‘ಅಲ್ಲ’ ಎಂಬ ಅವ್ಯಯ ‘ಆಗುತ್ತಿಲ್ಲ’ ಎಂಬ ಸಂಗತಿಯನ್ನು ಇಬ್ಬರೂ ಕೂಡಿ ನೋಡಿ ಪೇಚಾಡುವ ಸಂಗತಿಯನ್ನಾಗಿ ಮಾಡುತ್ತದೆ.

ಎರಡನೆಯದು (5). ಆಹ್ವಾನ ತಿರಸ್ಕೃತವಾಗುವ ಸೂಚನೆ ಕಂಡಾಗ ಕರೆದವರು ಅದನ್ನು ತಿದ್ದಿ ಮತ್ತೆ ಮುಂದಿಡುತ್ತಾರೆಂದು ಜೂಡಿ ಡೇವಿಡ್ಸನ್ 1984ರಲ್ಲಿ ಇಂಗ್ಲಿಷ್ ಸಂಭಾಷಣೆಗಳನ್ನು ಆಧರಿಸಿ ತೋರಿಸಿದರು. ನಾವು ಕೊಡುವ ಕಾರಣವೇ ಆ ತಿದ್ದುಪಡಿಗೆ ಸಾಮಗ್ರಿ. ‘ಸ್ವಲ್ಪ ಕೆಲಸ ಇದೆ’ ಎಂದರೆ ‘ಹತ್ತು ನಿಮಿಷ ಬಂದು ಹೋಗಿ’ ಎಂಬ ಮಾತು ಬಂದೇ ಬರುತ್ತದೆ. ಅದನ್ನೂ ನಿರಾಕರಿಸಬೇಕು, ಆಗ ‘ಮಗುವನ್ನಾದ್ರೂ ಕಳಿಸಿ’ ಎಂಬ ಮಾತು. ಹೀಗೆ ಒಂದು ಸಡಿಲವಾದ ಕಾರಣ ಮೂರು ನಿರಾಕರಣೆಗಳನ್ನು ಬೇಡುತ್ತದೆ. ಮೂರನೆಯ ಸಲ ಅದು ಸಂದರ್ಭದ ತೊಡಕಾಗಿ ಕೇಳಿಸದೆ ಮನಸ್ಸಿಲ್ಲದಿರುವಿಕೆಯಾಗಿ ಕೇಳಿಸುತ್ತದೆ. (6)ರ ‘ಬರೋದೇ ಸೋಮವಾರ’ ಎಂಬಲ್ಲಿನ ಅವಧಾರಣೆಯ ‘ಏ’ ಆ ಸರಪಳಿಯನ್ನು ಒಂದೇ ಏಟಿಗೆ ಕಡಿಯುತ್ತದೆ. ಮುಂದಿನ ಬಾಗಿಲು ತೆರೆದಿರಬೇಕಾದರೆ ಈ ಬಾಗಿಲು ಸರಿಯಾಗಿ ಮುಚ್ಚಿರಬೇಕು. ‘ನೋಡೋಣ’, ‘ಪ್ರಯತ್ನ ಮಾಡ್ತೀನಿ’ ಎಂಬ ಮಾತುಗಳು ಮೃದುವಾಗಿದ್ದರೂ ಇಲ್ಲಿ ಸೋಲುತ್ತವೆ. ಅವು ಎರಡು ಬಾಗಿಲನ್ನೂ ಅರ್ಧ ತೆರೆದಿಡುತ್ತವೆ; ಅಡುಗೆಯವರಿಗೆ ಎಲೆಯ ಲೆಕ್ಕ ಕೊಡಬೇಕಾದ ಮನೆಯವರಿಗೆ ಅದರಿಂದ ಉಪಕಾರವಿಲ್ಲ.

ಮೂರನೆಯದು ವಾಗ್ದಾನದ ರೂಪ. ‘ಮುಗೀಲಿ’ ಎಂಬ ವಿಧ್ಯರ್ಥಕ ರೂಪ ಮುಂದಿನ ಭೇಟಿಯನ್ನು ಕರೆದವರ ಅನುಕೂಲಕ್ಕೆ ಕಟ್ಟುತ್ತದೆ. ‘ಬುಧವಾರ ಸಾಯಂಕಾಲ’ ಎಂಬ ಗುರುತು ಅವರ ಕೈಗೆ ಹಿಡಿಯಲು ಒಂದು ಕೊನೆಯನ್ನು ಕೊಡುತ್ತದೆ. ಬಾಯಿಮಾತಿನ ಆಹ್ವಾನಗಳ ಲಕ್ಷಣಗಳನ್ನು ಪಟ್ಟಿಮಾಡಿದ ಎಲೆನ್ ಐಸಾಕ್ಸ್ ಮತ್ತು ಹರ್ಬರ್ಟ್ ಕ್ಲಾರ್ಕ್ (1990), ಏರ್ಪಾಡಿನ ಅಸ್ಪಷ್ಟತೆಯನ್ನು ಅವುಗಳಲ್ಲೊಂದಾಗಿ ಗುರುತಿಸಿದ್ದಾರೆ. ಅದೇ ಲಕ್ಷಣ ನಿರಾಕರಿಸುವವರ ವಾಗ್ದಾನಕ್ಕೂ ಅನ್ವಯಿಸುತ್ತದೆ. ‘ಇನ್ನೊಂದ್ಸಲ ಬರ್ತೀನಿ’ ಎಂಬುದು ಬಾಯಿಮಾತೆಂದು ಇಬ್ಬರಿಗೂ ಗೊತ್ತಿರುತ್ತದೆ. ಅದು ತಪ್ಪೇನಲ್ಲ, ಬೀಳ್ಕೊಡುವಾಗ ‘ಹೋಗ್ತೀನಿ’ ಎನ್ನದೆ ‘ಬರ್ತೀನಿ’ ಎನ್ನುವ ಭಾಷೆಯಲ್ಲಿ ಅದಕ್ಕೂ ಒಂದು ಸ್ಥಾನವಿದೆ. ಆದರೆ ಅದನ್ನೂ ಬುಧವಾರದ ಮಾತನ್ನೂ ಒಂದೇ ವರ್ಗದಲ್ಲಿ ಎಣಿಸಿದರೆ ಆ ಎಣಿಕೆಯಿಂದ ತಿಳಿಯುವುದು ಕಡಿಮೆ.

5. ಬರಹದಲ್ಲಿ

ಔಪಚಾರಿಕ ಪತ್ರದಲ್ಲಿ ಇದೇ ಭೇದಗಳು ಬೇರೆ ವೇಷದಲ್ಲಿ ಬರುತ್ತವೆ. ವಿಚಾರಸಂಕಿರಣವೊಂದರ ಕರೆಗೆ ಮೂರು ಉತ್ತರಗಳನ್ನು ಹೋಲಿಸಬಹುದು.

(ಅ) ಅನಿವಾರ್ಯ ಕಾರಣಗಳಿಂದ ತಮ್ಮ ವಿಚಾರಸಂಕಿರಣದಲ್ಲಿ ಭಾಗವಹಿಸಲಾರೆ.
(ಆ) ಆ ಎರಡು ದಿನ ಮೌಲ್ಯಮಾಪನದ ಕರ್ತವ್ಯವಿರುವುದರಿಂದ ಭಾಗವಹಿಸಲು ಸಾಧ್ಯವಾಗುತ್ತಿಲ್ಲ.
(ಇ) ಈ ಗೋಷ್ಠಿಯ ವಿಷಯ ನಮ್ಮ ಅಧ್ಯಯನದ ವ್ಯಾಪ್ತಿಗೆ ಸೇರಿಲ್ಲವಾದ್ದರಿಂದ ಪ್ರಬಂಧ ಮಂಡಿಸಲು ಸಾಧ್ಯವಾಗುತ್ತಿಲ್ಲ.

(ಅ) ಸಭ್ಯವಾಗಿದೆ, ಸಂಪೂರ್ಣವಾಗಿಯೂ ಇದೆ. ಆದರೆ ಅದರಲ್ಲಿ ಮುಂದಿನ ಕರೆಗೆ ಏನನ್ನು ಬದಲಿಸಬೇಕೆಂಬ ಸುಳಿವಿಲ್ಲ. (ಆ) ದಿನಾಂಕವನ್ನು ಬದಲಿಸಿದರೆ ಸಾಕೆನ್ನುತ್ತದೆ. (ಇ) ದಿನಾಂಕವನ್ನೂ ಸಂಘಟಕರನ್ನೂ ಒಪ್ಪಿ ವಿಷಯವನ್ನು ಮಾತ್ರ ಬಿಡುತ್ತದೆ. ಬೇರೆ ವಿಷಯಕ್ಕೆ ಕರೆಯಬಹುದು, ಇದೇ ವಿಷಯದ ಮುಂದಿನ ಗೋಷ್ಠಿಗೆ ಕರೆಯಬೇಕಿಲ್ಲ. (ಆ) ಮತ್ತು (ಇ)ಗಳಲ್ಲಿ ‘ಮುಂದೆ ಖಂಡಿತ ಬರುತ್ತೇನೆ’ ಎಂಬ ವಾಕ್ಯವಿಲ್ಲ. ವರ್ಗೀಕರಣದ ಕಣ್ಣಿಗೆ ಅವುಗಳಲ್ಲಿ ವಾಗ್ದಾನವೇ ಇಲ್ಲ. ಆದರೂ ಬಾಗಿಲು ತೆರೆದಿದೆ.

6. ನಮ್ಮ ವಾದದ ಮಿತಿಗಳು

ರೂಪದಿಂದಲೇ ಎಲ್ಲವೂ ನಿರ್ಧಾರವಾಗುತ್ತದೆಂದು ನಾವು ಹೇಳುತ್ತಿಲ್ಲ. ‘ಇತ್ತೀಚೆಗೆ ಎಲ್ಲಿಗೂ ಹೋಗೋಕಾಗ್ತಿಲ್ಲ’ ಎಂಬಲ್ಲಿಯೂ ‘ಆಗುತ್ತಿಲ್ಲ’ ಇದೆ. ಆದರೆ ಕಾಲಸೂಚಕ ಪದ ಆ ವರ್ತಮಾನವನ್ನು ಹಿಗ್ಗಿಸಿದೆ, ಸದ್ಯಕ್ಕೆ ಕರೆಯಬೇಡಿ ಎಂಬ ಧ್ವನಿ ಹೊರಡುತ್ತದೆ. ‘ಈ ಸಲಾನೂ ಆಗ್ತಿಲ್ಲ’ ಎಂಬಲ್ಲಿನ ‘ಊ’ ಹಿಂದಿನ ನಿರಾಕರಣೆಗಳನ್ನು ನೆನಪಿಗೆ ತರುತ್ತದೆ. ಅದನ್ನು ಪಶ್ಚಾತ್ತಾಪದಿಂದ ಹೇಳಿದರೆ ಒಪ್ಪಿಕೊಂಡಂತೆ, ಹಾರಿಕೆಯಾಗಿ ಹೇಳಿದರೆ ಕಡಿದುಕೊಂಡಂತೆ. ಸ್ವರಭಾರವಿಲ್ಲದ ಬರಹದ ಉತ್ತರದಿಂದ ಇದನ್ನು ಬಿಡಿಸಲು ಬಾರದು. ಪ್ರದೇಶಭೇದವೂ ಇದೆ. ಉತ್ತರ ಕರ್ನಾಟಕದ ಆಡುನುಡಿಯಲ್ಲಿ ‘ಒಲ್ಲೆ’ ಜೀವಂತವಾಗಿದೆ, ‘ಆಗಂಗಿಲ್ಲ’ದಂಥ ರೂಪಗಳಿವೆ. ಅಲ್ಲಿ ಮನಸ್ಸಿನ ನಿಷೇಧ ಮೈಸೂರಿನ ಕಿವಿಗೆ ಕೇಳಿಸುವಷ್ಟು ಗಡಸಾಗಿ ಕೇಳಿಸಬೇಕಾಗಿಲ್ಲ. ನಮ್ಮ ತೀರ್ಮಾನಗಳನ್ನು ಅಲ್ಲಿಗೆ ಹಾಗೆಯೇ ಹೊತ್ತೊಯ್ಯಬಾರದು.

7. ದಾಖಲಿಸಬೇಕಾದುದು

ಹಾಗಾದರೆ ಕನ್ನಡದ ನಿರಾಕರಣೆಗಳನ್ನು ಅಧ್ಯಯನ ಮಾಡುವವರು ಏನನ್ನು ದಾಖಲಿಸಬೇಕು? ಪಟ್ಟಿಯನ್ನು ಎಸೆಯಬೇಕಿಲ್ಲ. ಅದಕ್ಕೆ ಮೂರು ಅಂಶಗಳು ಸೇರಿದರೆ ಸಾಕೆಂದು ನಮ್ಮ ಅಭಿಪ್ರಾಯ. ಮೊದಲನೆಯದು ನಿಷೇಧರೂಪ: ಕರ್ತೃವಿನ ವಿಭಕ್ತಿ ಯಾವುದು, ಕ್ರಿಯೆ ‘-ಉವುದಿಲ್ಲ’ವೋ ‘-ಉತ್ತಿಲ್ಲ’ವೋ. ಎರಡನೆಯದು ಕಾರಣ ಆಹ್ವಾನದ ಯಾವ ಅಂಗಕ್ಕೆ ಅಂಟಿದೆ ಎಂಬುದು: ದಿನಕ್ಕೋ, ಸ್ಥಳಕ್ಕೋ, ಪಾತ್ರಕ್ಕೋ, ಕರೆದ ವ್ಯಕ್ತಿಗೋ. ಮೂರನೆಯದು ಕರೆದವರ ಮರುಮಾತು. ‘ಹಾಗಾದ್ರೆ ಯಾವಾಗ ಬರ್ತೀರಿ?’ ಎಂದರೆ ಬಾಗಿಲು ತೆರೆದಿರುವುದು ಅವರಿಗೆ ಕಂಡಿದೆ. ‘ಆಯ್ತು ಬಿಡಿ’ ಎಂದರೆ ಕಂಡಿಲ್ಲ, ಅಥವಾ ಕಂಡರೂ ಬೇಡವಾಗಿದೆ.

ಈ ಮೂರನೆಯ ಅಂಶಕ್ಕೆ ಈಗಿನ ಪ್ರಶ್ನಾವಳಿಯಲ್ಲಿ ಜಾಗವೇ ಇಲ್ಲ. ಮೂಲ ಪ್ರಶ್ನಾವಳಿಯಲ್ಲಿ ಖಾಲಿ ಜಾಗದ ಬಳಿಕ ಕೇಳುಗರ ಮರುಮಾತನ್ನು ಮೊದಲೇ ಅಚ್ಚುಮಾಡಲಾಗಿತ್ತು. ಉತ್ತರ ನಿರಾಕರಣೆಯೇ ಆಗಬೇಕೆಂದು ಹಾಗೆ ಮಾಡಿದ್ದು ಸಮಂಜಸವೇ. ಆದರೆ ನಮ್ಮ ಪ್ರಶ್ನೆಗೆ ಉತ್ತರ ಸಿಗುವ ಜಾಗವೇ ಅದರಿಂದ ಮುಚ್ಚಿಹೋಗುತ್ತದೆ. ಕನ್ನಡಕ್ಕೆ ಅದನ್ನು ತರುವಾಗ ಮರುಮಾತನ್ನು ಅಳಿಸಿ, ಇನ್ನೊಬ್ಬ ಭಾಗಿಯಿಂದ ಅದನ್ನು ತುಂಬಿಸಿಕೊಳ್ಳಬಹುದು. ಒಪ್ಪಿಗೆ ಪಡೆದು ಧ್ವನಿಮುದ್ರಿಸಿದ ದೂರವಾಣಿ ಕರೆಗಳು ಸಿಕ್ಕರೆ ಇನ್ನೂ ಒಳ್ಳೆಯದು.

‘ಪರೋಕ್ಷ’ ಎಂಬ ಹಣೆಪಟ್ಟಿಯ ಬಗ್ಗೆಯೂ ಎಚ್ಚರ ಬೇಕು. ಸೀಲಿಯಾ ಕಿಟ್ಜಿಂಗರ್ ಮತ್ತು ಹ್ಯಾನಾ ಫ್ರಿತ್ 1999ರಲ್ಲಿ ಬೇರೊಂದು ಗಂಭೀರ ಸಂದರ್ಭವನ್ನು, ಲೈಂಗಿಕ ಒತ್ತಾಯಕ್ಕೆ ಹೇಳುವ ನಿರಾಕರಣೆಯನ್ನು, ಚರ್ಚಿಸುತ್ತ ಒಂದು ಮಾತನ್ನು ಸ್ಥಾಪಿಸಿದರು: ‘ಇಲ್ಲ’ ಎಂಬ ಪದವಿಲ್ಲದ ನಿರಾಕರಣೆಯನ್ನೂ ಜನ ನಿರಾಕರಣೆಯೆಂದೇ ಗ್ರಹಿಸುತ್ತಾರೆ. ‘ಬರೋಕಾಗ್ತಿಲ್ವಲ್ಲ ಮೇಷ್ಟ್ರೇ’ ಎಂಬುದರಲ್ಲಿ ಮೇಷ್ಟ್ರಿಗೆ ಯಾವ ಗೊಂದಲವೂ ಉಂಟಾಗಲಿಲ್ಲ. ಭಾನುವಾರದ ಲೆಕ್ಕದಿಂದ ಆ ಮನೆಯನ್ನು ಅವರು ಬಿಟ್ಟರು. ಇಂಥ ಉತ್ತರಗಳನ್ನು ಒಟ್ಟುಮಾಡಿ ಕನ್ನಡಿಗರು ನೇರವಾಗಿ ಬೇಡವೆನ್ನಲಾರರೆಂದು ಬರೆಯುವ ಮುನ್ನ, ಆ ಉತ್ತರದ ಕ್ರಿಯಾಪದವನ್ನು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು.